ಹುಡುಕಿದ್ದು ರಾಶಿ ದರ, ತೆರೆದದ್ದು ದೋಟಿ ಪುಟ: ಈ ಇನ್‌ಸ್ಟಾಲ್ ಯಾರ ಲೆಕ್ಕಕ್ಕೆ?

ಪ್ರಶ್ನೆ (ಶಿವಮೊಗ್ಗದಿಂದ)
ನಮ್ಮದು ರಾಶಿ ಮುಂತಾದ ಅಡಿಕೆ ಬಗೆಗಳ ದರ ತೋರಿಸುವ ಆಪ್, ಆಂಡ್ರಾಯ್ಡ್ ಮಾತ್ರ. ತೋಟದ ಸಾಮಾನೂ ಮಾರುತ್ತೇವೆ. ಕಾರ್ಬನ್ ಫೈಬರ್ ದೋಟಿಯ ಜಾಹೀರಾತನ್ನು ಒಂದು ಸಣ್ಣ ಆಡ್ ನೆಟ್‌ವರ್ಕ್‌ಗೆ ಕೊಟ್ಟಿದ್ದೇವೆ, ಒಂದು ಇನ್‌ಸ್ಟಾಲ್‌ಗೆ 28 ರೂಪಾಯಿ. ಯಾವ ಇನ್‌ಸ್ಟಾಲ್ ಯಾವ ಜಾಹೀರಾತಿನಿಂದ ಬಂತು ಅಂತ ಲೆಕ್ಕ ಇಡುವ ಹೊರಗಿನ ಸೇವೆ, ಎಂಎಂಪಿ, ಜೂನ್‌ನಲ್ಲಿ 312 ಇನ್‌ಸ್ಟಾಲ್ ಅವರದ್ದು ಅಂತ ತೋರಿಸುತ್ತಿದೆ. ಅದೇ ತಿಂಗಳು ಆರ್ಗ್ಯಾನಿಕ್, ಅಂದರೆ ಜಾಹೀರಾತಿಲ್ಲದೆ ತಾವಾಗಿಯೇ ಹಾಕಿಕೊಂಡವರ ಲೆಕ್ಕ, ಇಳಿದಿದೆ. ತೀರ್ಥಹಳ್ಳಿ ಕಡೆಯ ಬೆಳೆಗಾರರೊಬ್ಬರು ಫೋನ್ ಮಾಡಿ, "ನಾನು ಯಾವ ಜಾಹೀರಾತನ್ನೂ ಒತ್ತಿಲ್ಲ. ಪಕ್ಕದ ಮನೆಯವರು ಹೇಳಿದ್ರು, ಪ್ಲೇ ಸ್ಟೋರ್‌ನಲ್ಲಿ ಹುಡುಕಿ ಹಾಕಿಕೊಂಡೆ. ತೆರೆದ ಕೂಡಲೇ ದೋಟಿ ಬಂತು, ರಾಶಿ ದರ ಎಲ್ಲಿದೆ?" ಅಂದರು. ತಪ್ಪು ಆಪ್‌ನದ್ದಾ, ಎಂಎಂಪಿಯದ್ದಾ?

ಸಾಗರದ ಆಪ್ ಡೆವಲಪರ್
ಆಪ್‌ನಲ್ಲೇ ಬಗ್ ಇರಬೇಕು ಮೇಡಂ. ಆಂಡ್ರಾಯ್ಡ್‌ನಲ್ಲಿ ಇನ್‌ಸ್ಟಾಲ್ ಎಲ್ಲಿಂದ ಬಂತು ಅಂತ ಪ್ಲೇ ಸ್ಟೋರೇ ರೆಫರರ್ ಕೊಡುತ್ತದೆ. ಅದನ್ನು ಹೊರಗಿನವರು ತಿದ್ದೋಕೆ ಆಗಲ್ಲ. ಎಂಎಂಪಿ ಅದನ್ನು ಓದಿಯೇ ಲೆಕ್ಕ ಹಾಕುವುದು. ಆ ಬೆಳೆಗಾರರು ಒತ್ತಿ ಮರೆತಿರಬಹುದು ಅಷ್ಟೇ.

ಉತ್ತರ (ಹೊಸನಗರದಿಂದ, ಹನ್ನೊಂದು ವರ್ಷದಿಂದ ಆಪ್ ಜಾಹೀರಾತಿನ ಲೆಕ್ಕ ನೋಡುವವರು)
ರೆಫರರ್ ಬಗ್ಗೆ ಸಾಗರದವರು ಹೇಳಿದ್ದು ಸರಿ. ಆದರೆ ಎಂಎಂಪಿ ಅದೊಂದನ್ನೇ ನೋಡಿ ಸುಮ್ಮನಾಗುವುದಿಲ್ಲ. ನಿಮ್ಮ ತೊಂದರೆ ಹುಟ್ಟಿರುವುದು ಅಲ್ಲೇ ಅನಿಸುತ್ತದೆ.

ಯಾರಾದರೂ ದೋಟಿ ಜಾಹೀರಾತನ್ನು ನಿಜವಾಗಿ ಒತ್ತಿದರೆ ಏನಾಗುತ್ತದೆ ನೋಡಿ. ಆ ಲಿಂಕ್ ಮೊದಲು ಎಂಎಂಪಿಯ ಸರ್ವರ್ ಮುಟ್ಟುತ್ತದೆ. ಅಲ್ಲಿ ಕ್ಲಿಕ್ಕಿನ ಸಮಯ, ಯಾವ ಜಾಹೀರಾತು, ಫೋನಿನ ಜಾಹೀರಾತು ಐಡಿ ದಾಖಲಾಗುತ್ತವೆ. ಆಮೇಲೆ ಲಿಂಕ್ ರೆಫರರ್ ಅನ್ನುವ ಒಂದು ಗುರುತನ್ನು ಹೊತ್ತುಕೊಂಡು ಪ್ಲೇ ಸ್ಟೋರ್‌ಗೆ ಹೋಗುತ್ತದೆ. ಇನ್‌ಸ್ಟಾಲ್ ಆಗಿ ಮೊದಲ ಸಲ ಆಪ್ ತೆರೆದಾಗ, ಒಳಗಿರುವ ಎಂಎಂಪಿಯ ಎಸ್‌ಡಿಕೆ ಪ್ಲೇ ಸ್ಟೋರ್‌ನಿಂದ ಆ ಗುರುತನ್ನು ಕೇಳಿ ತರುತ್ತದೆ. ದಾಖಲೆಯ ಕ್ಲಿಕ್ಕಿಗೂ ಅದಕ್ಕೂ ತಾಳೆಯಾದರೆ ಇನ್‌ಸ್ಟಾಲ್ ಆ ಜಾಹೀರಾತಿನದ್ದು. ಇದರಲ್ಲಿ ಅನುಮಾನಕ್ಕೆ ಜಾಗ ಕಡಿಮೆ.

ಗುರುತು ಬರದಿದ್ದರೆ? ಆಗ ಎಂಎಂಪಿ ಹಿಂದಕ್ಕೆ ತಿರುಗಿ, ಇದೇ ಐಡಿಯ ಫೋನಿನಿಂದ ಕಳೆದ ಕೆಲವು ದಿನಗಳಲ್ಲಿ ಯಾವುದಾದರೂ ಕ್ಲಿಕ್ ಬಂದಿತ್ತಾ ಅಂತ ಹುಡುಕುತ್ತದೆ. ಲುಕ್‌ಬ್ಯಾಕ್ ಅನ್ನುವ ಈ ಅವಧಿಯನ್ನು ಸಾಮಾನ್ಯವಾಗಿ ಏಳು ದಿನ ಇಟ್ಟಿರುತ್ತಾರೆ. ಸಿಕ್ಕರೆ, ಕೊನೆಯ ಕ್ಲಿಕ್ ಯಾರದ್ದೋ ಅವರ ಹೆಸರಿಗೆ ಇನ್‌ಸ್ಟಾಲ್. ಆ ಕ್ಲಿಕ್ಕನ್ನು ಬೆರಳು ಒತ್ತಿತ್ತಾ, ಫೋನಿನಲ್ಲಿದ್ದ ಇನ್ಯಾವುದೋ ಆಪ್ ಹಿಂದಿನಿಂದ ಸದ್ದಿಲ್ಲದೆ ಕಳಿಸಿತಾ, ಈ ಹಂತದಲ್ಲಿ ಗೊತ್ತಾಗುವುದಿಲ್ಲ. ಲಕ್ಷಗಟ್ಟಲೆ ಫೋನುಗಳಿಂದ ಹೀಗೆ ಸುಳ್ಳು ಕ್ಲಿಕ್ ಕಳಿಸಿ ಕಾಯುವವರಿದ್ದಾರೆ. ನಿಮ್ಮ ಆಪ್ ಅನ್ನು ತಾವಾಗಿಯೇ ಹಾಕಿಕೊಳ್ಳುವವರಲ್ಲಿ ಕೆಲವರ ಫೋನ್ ಆ ಪಟ್ಟಿಯಲ್ಲಿದ್ದರೆ ಸಾಕು, ಆರ್ಗ್ಯಾನಿಕ್ ಇಳಿದು ಅವರ ಲೆಕ್ಕ ಏರುತ್ತದೆ.

ದೋಟಿ ಪುಟ ಬಂದದ್ದೂ ಇದರಿಂದಲೇ ಇರಬಹುದು. ಡೆಫರ್ಡ್ ಡೀಪ್ ಲಿಂಕ್ ಅಂದರೆ ಗೆದ್ದ ಕ್ಲಿಕ್ಕಿನ ಜೊತೆ ಇದ್ದ ಪುಟವನ್ನು ಮೊದಲ ಸಲ ತೆರೆದಾಗ ತೋರಿಸುವುದು ತಾನೇ. ಇನ್‌ಸ್ಟಾಲ್ ತಪ್ಪಾದ ಕ್ಲಿಕ್ಕಿಗೆ ಹೋದರೆ ಪುಟವೂ ಅದರದ್ದೇ ಬರುತ್ತದೆ. ಆಪ್ ತನಗೆ ಹೇಳಿದ್ದನ್ನೇ ಮಾಡಿದೆ.

ಒಂದು ಕೆಲಸ ಮಾಡಿ. ಲಾಗಿನ್ ಆದಾಗ ಗ್ರಾಹಕರ ಐಡಿಯನ್ನು ಎಂಎಂಪಿಗೆ ಕಳಿಸುತ್ತಿದ್ದರೆ, ರಾ ಡೇಟಾ ಇಳಿಸಿಕೊಂಡು ಆ ಬೆಳೆಗಾರರ ಸಾಲು ಹುಡುಕಿ ಇಲ್ಲಿ ಹಾಕಿ. ಹೆಸರು, ನಂಬರ್, ಐಡಿ ತೆಗೆದುಬಿಡಿ.

ಕೇಳಿದವರು
ಸಿಕ್ಕಿತು ಸರ್. ನಮ್ಮ ಎಂಎಂಪಿ ಆಪ್ಸ್‌ಫ್ಲೈಯರ್.

```
Attributed Touch Time: 2025-06-09 03:12:40
Install Time: 2025-06-14 14:16:05
Match Type: id_matching
Google Play Referrer: utm_source=google-play&utm_medium=organic
```

ಸಾಗರದ ಆಪ್ ಡೆವಲಪರ್
ಬೆಳಗಿನ ಜಾವ ಮೂರು ಗಂಟೆಗೆ ತೋಟದವರು ಜಾಹೀರಾತು ಒತ್ತುತ್ತಾರಾ! ನನ್ನ ಮಾತು ವಾಪಸ್. ಇದು ಮೋಸವೇ.

ಉತ್ತರ (ಹೊಸನಗರ)
ಆ ಮೂರು ಗಂಟೆಯನ್ನು ಸಾಕ್ಷಿ ಮಾಡಿಕೊಳ್ಳಬೇಡಿ. ಟೈಮ್ ಜೋನ್ ಬದಲಾಯಿಸದೆ ಇಳಿಸಿದರೆ ಆ ಫೈಲಿನ ಸಮಯ ಯುಟಿಸಿಯಲ್ಲಿರುತ್ತದೆ. ಐದೂವರೆ ಗಂಟೆ ಸೇರಿಸಿದರೆ ಬೆಳಿಗ್ಗೆ 8:42. ತಿಂಡಿ ತಿನ್ನುವ ಹೊತ್ತು, ಯಾರು ಬೇಕಾದರೂ ಒತ್ತಬಹುದು. ಮೊದಲ ಸಲ ತೆರೆದದ್ದು 14ರ ಸಂಜೆ 7:46.

ನೋಡಬೇಕಾದದ್ದು ಕೊನೆಯ ಎರಡು ಸಾಲು. ಪ್ಲೇ ಸ್ಟೋರ್ ಹೇಳುತ್ತಿದೆ, ಇವರು ಯಾವ ಜಾಹೀರಾತು ಲಿಂಕ್ ಹಿಡಿದೂ ಬಂದಿಲ್ಲ, ತಾವೇ ಬಂದರು ಅಂತ. ಎಂಎಂಪಿ ಮಾತ್ರ ಐಡಿ ಹೊಂದಿಸಿ, ಐದು ದಿನ ಹನ್ನೊಂದು ಗಂಟೆ ಹಿಂದಿನ ಕ್ಲಿಕ್ಕಿಗೆ ಕೊಟ್ಟಿದೆ. ಬೆಳೆಗಾರರು ಹೇಳಿದ್ದಕ್ಕೂ ಇದಕ್ಕೂ ಸರಿಯಾಗಿ ಹೊಂದುತ್ತದೆ.

ಆದರೂ ಒಂದೇ ಸಾಲಿನಿಂದ ಮೋಸ ಅನ್ನಬಾರದು. ಒಬ್ಬರು ಸೋಮವಾರ ದೋಟಿ ನೋಡಿ ನಿಜವಾಗಿ ಒತ್ತಿ, ಸಿಗ್ನಲ್ ಹೋಗಿ ಬಿಟ್ಟುಬಿಟ್ಟು, ಶನಿವಾರ ಹೆಸರು ನೆನಪಾಗಿ ಹುಡುಕಿ ಹಾಕಿಕೊಂಡರೂ ಸಾಲು ಹೀಗೇ ಕಾಣುತ್ತದೆ. ಅದಕ್ಕೇ 312ನ್ನೂ ಒಟ್ಟಿಗೆ ನೋಡಬೇಕು. ಪ್ರತಿ ಸಾಲಿನಲ್ಲೂ ಕ್ಲಿಕ್ಕಿನಿಂದ ಇನ್‌ಸ್ಟಾಲ್‌ಗೆ ಎಷ್ಟು ಹೊತ್ತು ಹಿಡಿಯಿತು ಅಂತ ಕಳೆದು, ದಿನದಿನಕ್ಕೆ ಎಣಿಸಿ. ಪಕ್ಕದಲ್ಲಿ ನಿಮಗೆ ನಂಬಿಕೆಯಿರುವ ಇನ್ನೊಂದು ಲಿಂಕಿನದ್ದನ್ನೂ ಎಣಿಸಿ.

ನಮ್ಮ ಕಡೆಯವರು ಇನ್ನೊಂದು ನೆನಪಿಡಬೇಕು. ಅಲ್ಲಿ Install Time ಅಂದರೆ ಇಳಿಸಿಕೊಂಡ ಹೊತ್ತಲ್ಲ, ಮೊದಲು ತೆರೆದ ಹೊತ್ತು. ಪೇಟೆಗೆ ಬಂದಾಗ ಇಳಿಸಿಕೊಂಡು, ಮನೆಗೆ ಹೋಗಿ ಎರಡು ದಿನ ಬಿಟ್ಟು ತೆರೆಯುವವರು ಇಲ್ಲಿ ಜಾಸ್ತಿ. ಅವರು ಅನ್ಯಾಯವಾಗಿ ಅನುಮಾನಕ್ಕೆ ಸಿಗಬಾರದು. Google Play Install Begin Time ಅಂತ ಇನ್ನೊಂದು ಕಾಲಂ ಇದೆ. ಅದು ತುಂಬಿದ್ದರೆ ಅದರಿಂದಲೇ ಕಳೆಯಿರಿ.

ಆಗುಂಬೆಯ ಹೋಂಸ್ಟೇ ಮಾಲೀಕರು
ನಮ್ಮದೂ ಇದೇ ಸಮಸ್ಯೆ. ಇನ್‌ಸ್ಟಾಗ್ರಾಂ ಜಾಹೀರಾತಿನಲ್ಲಿ ರೂಮಿನ ಲಿಂಕ್ ಹಾಕಿದ್ದೇವೆ. ಆಪ್ ಇರುವವರು ಒತ್ತಿದರೂ ವೆಬ್‌ಸೈಟ್ ತೆರೆಯುತ್ತದೆ, ಆಪ್ ತೆರೆಯಲ್ಲ. ನಮಗೂ ಮೋಸ ಆಗುತ್ತಿದೆಯಾ?

ಉತ್ತರ (ಹೊಸನಗರ)
ನಿಮ್ಮದು ಬೇರೆ ಸಾರ್, ಇನ್‌ಸ್ಟಾಲ್ ಲೆಕ್ಕಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೊದಲು ಲಿಂಕನ್ನು ನಿಮಗೇ ಎಸ್‌ಎಂಎಸ್‌ನಲ್ಲಿ ಕಳಿಸಿಕೊಂಡು ಒತ್ತಿ. ಆಪ್ ತೆರೆದರೆ ನಿಮ್ಮ ಲಿಂಕ್ ಸರಿ ಇದೆ. ಇನ್‌ಸ್ಟಾಗ್ರಾಂ ತನ್ನೊಳಗಿನ ಬ್ರೌಸರ್‌ನಲ್ಲೇ ಲಿಂಕ್ ತೆರೆದುಕೊಳ್ಳುವುದರಿಂದ ಹಾಗಾಗುತ್ತಿದೆ. ಎಸ್‌ಎಂಎಸ್‌ನಿಂದಲೂ ಆಪ್ ತೆರೆಯದಿದ್ದರೆ ಆಪ್ ಮಾಡಿಕೊಟ್ಟವರಿಗೆ ನಿಮ್ಮ ಸೈಟಿನ `/.well-known/assetlinks.json` ಫೈಲ್ ನೋಡಲು ಹೇಳಿ. ಅದರಲ್ಲಿ ಪ್ಲೇ ಕನ್ಸೋಲ್‌ನ ಆಪ್ ಸೈನಿಂಗ್ ಕೀಯ SHA-256 ಇರಬೇಕು. ತಮ್ಮ ಅಪ್‌ಲೋಡ್ ಕೀಯದ್ದನ್ನು ಹಾಕಿಬಿಟ್ಟಿರುವುದನ್ನು ನಾನು ತುಂಬ ಸಲ ನೋಡಿದ್ದೇನೆ.

ಕೇಳಿದವರು
ಎಣಿಸಿದೆ ಸರ್. 312ರಲ್ಲಿ ಮೊದಲ ಒಂದು ಗಂಟೆಯೊಳಗೆ ಬಂದದ್ದು 41. ಆ ದಿನದ ಉಳಿದ ಹೊತ್ತಿನಲ್ಲಿ 44. ಎರಡನೇ ದಿನದಿಂದ ಏಳನೇ ದಿನದವರೆಗೆ 38, 40, 36, 39, 37, 37. ಹೋಲಿಸೋಕೆ ಅಡಿಕೆ ಮಂಡಿಗಳಲ್ಲಿ ಅಂಟಿಸಿದ್ದ ನಮ್ಮದೇ ಕ್ಯೂಆರ್ ತೆಗೆದುಕೊಂಡೆ. ಅದರಿಂದ 96 ಇನ್‌ಸ್ಟಾಲ್, ಒಂದು ಗಂಟೆಯೊಳಗೆ 81.

ಉತ್ತರ (ಹೊಸನಗರ)
ಮೇಡಂ, ಇಷ್ಟು ಸ್ಪಷ್ಟವಾಗಿ ಕಾಣುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಮನಸ್ಸಾಗಿ ಒತ್ತಿದವರು ಆಗಲೇ ಹಾಕಿಕೊಳ್ಳುತ್ತಾರೆ. ಆಸೆ ಬೇಗ ಆರುತ್ತದೆ, ಹಾಗಾಗಿ ಮೊದಲ ಗಂಟೆಯಲ್ಲಿ ರಾಶಿ, ಆಮೇಲೆ ಒಬ್ಬಿಬ್ಬರು. ನಿಮ್ಮ ಕ್ಯೂಆರ್ ಹಾಗೇ ಇದೆ. ನೆಟ್‌ವರ್ಕ್‌ನದ್ದು ಎರಡನೇ ದಿನವೂ 38, ಏಳನೇ ದಿನವೂ 37. ಕ್ಲಿಕ್ಕಿಗೂ ಇನ್‌ಸ್ಟಾಲ್‌ಗೂ ಸಂಬಂಧವೇ ಇಲ್ಲದಿದ್ದಾಗ ಲೆಕ್ಕ ಹೀಗೆ ಸಮನಾಗಿ ಹರಡಿಕೊಳ್ಳುತ್ತದೆ. ಕ್ಲಿಕ್ ಯಾವತ್ತೋ ಬಿದ್ದಿತ್ತು, ಜನ ತಮ್ಮ ಪಾಡಿಗೆ ಬಂದರು. ಮೊದಲ ಗಂಟೆಯ 41ರಲ್ಲಿ ಹೆಚ್ಚಿನವರು ನಿಜವಾಗಿ ದೋಟಿ ನೋಡಿ ಬಂದವರು ಅಂತ ನನ್ನ ನಂಬಿಕೆ.

ಆ ನೆಟ್‌ವರ್ಕ್‌ಗೆ ಮಾತ್ರ ಕ್ಲಿಕ್ ಲುಕ್‌ಬ್ಯಾಕ್ ಅನ್ನು ಏಳು ದಿನದಿಂದ ಒಂದು ದಿನಕ್ಕೆ ಇಳಿಸಿ. ಸಮನಾಗಿ ಹರಡಿದ್ದರಿಂದ ಸುಳ್ಳು ಲೆಕ್ಕ ಹೆಚ್ಚುಕಡಿಮೆ ಏಳರಲ್ಲಿ ಒಂದು ಭಾಗಕ್ಕೆ ಬರುತ್ತದೆ, ನಿಜದವರು ಬಹುತೇಕ ಉಳಿಯುತ್ತಾರೆ. ಆದರೆ ಒಂದು ಕಣ್ಣಿಟ್ಟಿರಿ. ಅವರು ಒಂದೇ ಫೋನಿನಿಂದ ದಿನವೂ ಕ್ಲಿಕ್ ಕಳಿಸಲು ಶುರು ಮಾಡಿದರೆ ಕೊನೆಯ ಕ್ಲಿಕ್ ಯಾವಾಗಲೂ ಒಂದು ದಿನದೊಳಗೇ ಇರುತ್ತದೆ, ಆಗ ಇದು ಸಾಲದು.

ಗ್ರಾಹಕರ ಕಿರಿಕಿರಿ ಇವತ್ತೇ ತಪ್ಪಿಸಬಹುದು. ಆಪ್‌ಗೆ ಬರುವ ಕನ್ವರ್ಷನ್ ಡೇಟಾದಲ್ಲಿ `click_time` ಮತ್ತು `install_time` ಇರುತ್ತವೆ. ಎರಡರ ನಡುವೆ ಒಂದು ಗಂಟೆಗಿಂತ ಜಾಸ್ತಿ ಇದ್ದರೆ ದೋಟಿ ಪುಟ ಬಿಟ್ಟು ದರದ ಪುಟಕ್ಕೇ ಕರೆದುಕೊಂಡು ಹೋಗಲು ಡೆವಲಪರ್‌ಗೆ ಹೇಳಿ.

ಭದ್ರಾವತಿಯಿಂದ (ಜಾಹೀರಾತು ಏಜೆನ್ಸಿಯವರು)
ಲುಕ್‌ಬ್ಯಾಕ್ ಇಳಿಸಿ, ಬೇಡ ಅನ್ನಲ್ಲ. ಆದರೆ ಜೂನ್‌ನ ದುಡ್ಡು ಕೊಡಲೇಬೇಕಾಗುತ್ತದೆ. ಎಂಎಂಪಿಯ ನಂಬರ್ ಮೇಲೆ ಪಾವತಿ ಅಂತಲೇ ಒಪ್ಪಂದ ಬರೆಯುತ್ತಾರೆ. ನೀವು ಇಟ್ಟ ಏಳು ದಿನದ ನಿಯಮದೊಳಗೇ ಅವರು ಗೆದ್ದಿದ್ದಾರೆ. ನೆಟ್‌ವರ್ಕ್‌ನವರೂ ಬೇರೆಯವರಿಂದ ಜಾಗ ಕೊಳ್ಳುವವರು, ಅವರಿಗೇ ಗೊತ್ತಿಲ್ಲದೆ ಕೆಳಗಿನವನೊಬ್ಬ ಮಾಡಿರಬಹುದು.

ಉತ್ತರ (ಹೊಸನಗರ)
ಕೆಳಗಿನವರು ಮಾಡಿರಬಹುದು ಅನ್ನುವುದು ಒಪ್ಪುವ ಮಾತು. ಹಾಗಾಗಿಯೇ Site ID ಕಾಲಂ ನೋಡಿ ಮೇಡಂ, ಎಲ್ಲ ಒಂದೆರಡು ಕಡೆಯಿಂದ ಬಂದಿದೆಯಾ ಅಂತ. ಆದರೆ 312ಕ್ಕೂ ಕೊಡಲೇಬೇಕು ಅನ್ನುವುದನ್ನು ನಾನು ಒಪ್ಪಲ್ಲ. ಒಪ್ಪಂದದಲ್ಲಿ ಸುಳ್ಳು ಟ್ರಾಫಿಕ್ ಬಗ್ಗೆ ಒಂದು ಸಾಲಿದ್ದರೆ ನಿಮ್ಮ ಈ ಎಣಿಕೆಯನ್ನು ಮುಂದಿಟ್ಟು ಮಾತಾಡಿ.

ಕೇಳಿದವರು
ಸಮನಾಗಿ ಹರಡಿದ 271ರಲ್ಲಿ 233ಕ್ಕೆ ರೆಫರರ್ ಆರ್ಗ್ಯಾನಿಕ್, ಮ್ಯಾಚ್ ಐಡಿಯಿಂದ. ಅದರಲ್ಲಿ 190 ಎರಡೇ ಸೈಟ್ ಐಡಿಯಿಂದ ಬಂದಿವೆ. ನೆಟ್‌ವರ್ಕ್‌ನವರಿಗೆ ಕಳಿಸಿದೆ. ಆ ಎರಡನ್ನು ನಿಲ್ಲಿಸುತ್ತೇವೆ ಅಂದರು, ಬಿಲ್ 8,736 ರೂಪಾಯಿ ಪೂರ್ತಿ ಕೊಡಿ ಅಂತಲೂ ಅಂದರು. ಒಪ್ಪಂದದಲ್ಲಿ ಸುಳ್ಳು ಟ್ರಾಫಿಕ್ ಅನ್ನೋ ಮಾತೇ ಇಲ್ಲ. ನಮ್ಮ ಯಜಮಾನರು ಎರಡು ವಾರ ಆ ಜಾಹೀರಾತನ್ನೇ ನಿಲ್ಲಿಸಿ ನೋಡೋಣ ಅಂತಿದ್ದಾರೆ.

ಉತ್ತರ (ಹೊಸನಗರ)
ನಿಲ್ಲಿಸಿ. ನೋಡಬೇಕಾದದ್ದು ಒಟ್ಟು ಇನ್‌ಸ್ಟಾಲ್. ಒಟ್ಟು ಅಷ್ಟೇ ಇದ್ದು ಆರ್ಗ್ಯಾನಿಕ್ ಮೇಲೆದ್ದರೆ ಅವರು ಹೊಸಬರನ್ನು ತಂದಿರಲಿಲ್ಲ ಅಂತಾಯಿತು. ಆದರೆ ನಿಮ್ಮದು ದರದ ಆಪ್. ಆ ಎರಡು ವಾರದಲ್ಲಿ ರಾಶಿ ದರ ಒಂದೆರಡು ಸಾವಿರ ಮೇಲೆ ಕೆಳಗೆ ಆದರೆ ಇನ್‌ಸ್ಟಾಲ್ ಅದರಿಂದಲೇ ಕುಣಿಯುತ್ತದೆ. ದಿನದ ದರವನ್ನೂ ಪಕ್ಕದ ಕಾಲಂನಲ್ಲಿ ಬರೆದಿಟ್ಟುಕೊಳ್ಳಿ, ಎರಡು ವಾರ ಆದಮೇಲೆ ಇಲ್ಲೇ ಹಾಕಿ.