ಬುಕಿಂಗ್ ಕೊಟ್ಟಾಗಿದೆ, ಆಯುಧಪೂಜೆ ಹತ್ತಿರ ಬಂದಿದೆ: ಕಾರು ಕೊಂಡವರ ಅನುಭವ ಬೇಕು

ಕೇಳಿದವರು, ದಾವಣಗೆರೆ

ಮೂರು ಸಲ ಶೋರೂಮಿಗೆ ಹೋಗಿ, 21,000 ರೂಪಾಯಿ ಬುಕಿಂಗ್ ಕೊಟ್ಟಿದ್ದೇನೆ. ಆನ್‌ರೋಡ್ 12,60,000 ಎಂದವರು ಈಗ 40,000 ಬಿಟ್ಟಿದ್ದಾರೆ, ಆಯುಧಪೂಜೆ ಕಳೆದರೆ ಈ ಬೆಲೆ ಸಿಗದು ಎನ್ನುತ್ತಾರೆ. ಆದರೆ ಬೇರೊಂದು ಕಂಪನಿಯ ಕಾರು ನಮ್ಮ ಮನೆಗೆ ಹೆಚ್ಚು ಹೊಂದುತ್ತದೆ ಎಂದು ಈಗ ಅನ್ನಿಸುತ್ತಿದೆ. ಏನು ಮಾಡಲಿ?

ಹಿಂದೆ ಶೋರೂಮಿನ ಲೆಕ್ಕಪತ್ರ ನೋಡುತ್ತಿದ್ದವರು, ಹುಬ್ಬಳ್ಳಿ

ಮೊದಲು ಆ 12,60,000ವನ್ನು ಬಿಡಿಸಿ ನೋಡಿ, ಸರ್. ನಿಮ್ಮ ಮೊತ್ತಕ್ಕೆ ಹೊಂದುವ ಒಂದು ಕೊಟೇಶನ್ ಸಾಮಾನ್ಯವಾಗಿ ಹೀಗಿರುತ್ತದೆ: ಎಕ್ಸ್‌ ಶೋರೂಂ ಬೆಲೆ 9,80,000, ಜೀವಾವಧಿ ತೆರಿಗೆ ಸುಮಾರು 1,52,000, ನೋಂದಣಿ ಮತ್ತು ಫಾಸ್ಟ್ಯಾಗ್ 5,000, ವಿಮೆ 62,000, ಹೆಚ್ಚುವರಿ ವಾರಂಟಿ 18,000, ಆಕ್ಸೆಸರಿ 35,000, ಹ್ಯಾಂಡ್ಲಿಂಗ್ 8,000. ಇದರಲ್ಲಿ ವಾರಂಟಿ, ಆಕ್ಸೆಸರಿ, ಹ್ಯಾಂಡ್ಲಿಂಗ್ ಮೂರೂ ಕಡ್ಡಾಯವಲ್ಲ. ವಿಮೆ ಕಡ್ಡಾಯವೇ ಹೌದು, ಆದರೆ ಅದನ್ನು ಅವರ ಬಳಿಯೇ ಕೊಳ್ಳಬೇಕೆಂಬ ನಿಯಮವಿಲ್ಲ. ಐಡಿವಿ ಎಂಬ ವಿಮಾ ಮೌಲ್ಯ ಅಷ್ಟೇ ಇದ್ದು, ಕ್ಲೇಮಿನಲ್ಲಿ ಸವಕಳಿ ಕಳೆಯದ ಅದೇ ಜೀರೊ ಡಿಪ್ರಿಸಿಯೇಶನ್ ಇರುವ ಪಾಲಿಸಿ ಹೊರಗೆ 41,000ಕ್ಕೆ ಸಿಕ್ಕಿತೆಂದು ಇಟ್ಟುಕೊಂಡರೆ, ಕೊಡಲೇಬೇಕಾದ ಮೊತ್ತ 11,78,000 ಆಗುತ್ತದೆ. ಅಂದರೆ 40,000 ಕಡಿಮೆಯಾದ ಮೇಲೂ ನೀವು ಅದಕ್ಕಿಂತ 42,000 ಹೆಚ್ಚು ಕೊಡುತ್ತಿರುತ್ತೀರಿ.

ದೊಡ್ಡ ಮೊತ್ತವೇ ಮೊದಲು ಕಿವಿಗೆ ಬಿದ್ದುದರಿಂದ ಚೌಕಾಸಿಯೆಲ್ಲ ಅದರಿಂದ ಎಷ್ಟು ಇಳಿಯಿತು ಎಂಬುದರ ಸುತ್ತಲೇ ನಡೆದಿದೆ. ಕಡ್ಡಾಯವಾದವುಗಳನ್ನು ಮಾತ್ರ ಕೂಡಿಸಿ ನಿಮ್ಮದೇ ಒಂದು ಅಂಕಿಯನ್ನು ಮನೆಯಲ್ಲೇ ಬರೆದುಕೊಳ್ಳಿ, ಅದೇ ಕಂಪನಿಯ ಇನ್ನೊಬ್ಬ ಡೀಲರನಿಂದ ಬಾಬುವಾರು ಕೊಟೇಶನ್ನನ್ನು ಲಿಖಿತವಾಗಿ ತರಿಸಿ, ನಂತರ ಕೆಳಗಿನಿಂದ ಮೇಲಕ್ಕೆ ಮಾತಾಡಿ. ವಿಮೆ ನಮ್ಮಲ್ಲೇ ಮಾಡಿಸಿದರೆ ಮಾತ್ರ ರಿಯಾಯಿತಿ ಎಂದರೆ, ಎರಡನ್ನೂ ಕೂಡಿಸಿದ ಒಟ್ಟು ಮೊತ್ತವನ್ನೇ ಹೋಲಿಸಬೇಕು.

ನಿವೃತ್ತ ಶಿಕ್ಷಕರು, ಶಿರಸಿ

ಹಬ್ಬದಲ್ಲಿ ಕೊಳ್ಳಲೇಬಾರದು. ಡಿಸೆಂಬರ್‌ವರೆಗೆ ಕಾದರೆ ಖಂಡಿತವಾಗಿ ಅಗ್ಗವಾಗುತ್ತದೆ. ಬುಕಿಂಗ್ ಹಣವಂತೂ ಮರಳುವುದಿಲ್ಲ, ಆದ್ದರಿಂದ ಅದೇ ಕಾರನ್ನೇ ತೆಗೆದುಕೊಳ್ಳಿ.

ಹುಬ್ಬಳ್ಳಿಯವರು

ಮೇಷ್ಟ್ರೇ, ಡಿಸೆಂಬರ್‌ನಲ್ಲಿ ರಿಯಾಯಿತಿ ಹೆಚ್ಚುವುದು ನಿಜ, ಆದರೆ ಬೇಡಿಕೆ ಹೆಚ್ಚಿರುವ ಮಾದರಿಗಳಿಗೆ ಅದು ಸಿಗುವುದು ಕಷ್ಟ. ಮೇಲಾಗಿ ಜನವರಿ ಬಂದೊಡನೆ ಅದು ಹಿಂದಿನ ವರ್ಷದ ಕಾರಾಗುತ್ತದೆ. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು, ವರ್ಷ ಇರುವುದರಿಂದ ಮುಂದೆ ಮಾರುವಾಗ ಬೆಲೆ ಸ್ವಲ್ಪ ಇಳಿಯುತ್ತದೆ. ಬೇಗನೆ ಮಾರುವವರಿಗೆ ಈ ಲೆಕ್ಕ ಮುಖ್ಯ, ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅಷ್ಟಾಗಿ ಅಲ್ಲ.

ಬುಕಿಂಗ್ ಹಣದ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪಲಾರೆ. ಬುಕಿಂಗ್ ಫಾರಂನ ಹಿಂಬದಿಯಲ್ಲಿ ರದ್ದತಿಯ ಷರತ್ತು ಇರುತ್ತದೆ. ಖರೀದಿದಾರರ ಹೆಸರಿಗೆ ಇನ್‌ವಾಯ್ಸ್ ಆಗಿ, ವಿಮೆ ಮತ್ತು ತೆರಿಗೆ ಕಟ್ಟಿದ ಮೇಲೆ ಹಿಂದೆ ಸರಿಯುವುದು ಬಹಳ ಕಷ್ಟ. ಅದಕ್ಕೆ ಮೊದಲೇ ಇಮೇಲ್ ಮೂಲಕ ರದ್ದು ಮಾಡಿದರೆ ಪೂರ್ತಿ ಅಥವಾ ಬಹುಪಾಲು ಹಣ ಮರಳಿದ್ದನ್ನು ನಾನೇ ಎಷ್ಟೋ ಸಲ ಲೆಕ್ಕಕ್ಕೆ ಬರೆದಿದ್ದೇನೆ. ಮರಳದಿದ್ದರೂ, 21,000 ಹೋಯಿತೆಂದು ಹೊಂದದ ಕಾರಿಗೆ ಇನ್ನೂ 12 ಲಕ್ಷ ಸೇರಿಸುವುದು ಹೇಗೆ ಸರಿಯಾದೀತು? ಆ ಹಣ ಇಂದು ಕೈಯಲ್ಲೂ ಇಲ್ಲ, ಶೋರೂಮಿನಲ್ಲೂ ಇಲ್ಲ ಎಂದುಕೊಂಡು, ಎರಡು ಕಾರುಗಳನ್ನೂ ಮೊದಲ ಸಲ ನೋಡುತ್ತಿರುವವರಂತೆ ಕುಟುಂಬದ ಜೊತೆ ಕುಳಿತು ಆರಿಸಿ.

ಗೃಹಿಣಿ, ಮೈಸೂರು

ನಮ್ಮ ಹಳೆಯ ಕಾರನ್ನು ಎಕ್ಸ್‌ಚೇಂಜ್‌ಗೆ ಕೊಟ್ಟಾಗ 30,000 ಬೋನಸ್ ಎಂದರು. ಹೊರಗಿನವರು ಅದೇ ಕಾರಿಗೆ 45,000 ಹೆಚ್ಚು ಕೊಡುತ್ತಿದ್ದರೆಂದು ತಿಳಿದದ್ದು ಆಮೇಲೆ. ನೀವೂ ಹಳೆಯ ಕಾರಿನ ಬೆಲೆಯನ್ನು ಬೇರೆಯಾಗಿಯೇ ವಿಚಾರಿಸಿ.

ಕೇಳಿದವರು

ನಮ್ಮಲ್ಲಿ ಹಳೆಯ ಕಾರಿಲ್ಲ ಮೇಡಂ, ಇದೇ ಮೊದಲನೆಯದು.

ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಹಬ್ಬದ ಗಡುವಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ. 2025ರಲ್ಲಿ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ ಶೇಕಡಾ 18ಕ್ಕೆ ಇಳಿದದ್ದು ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನವೇ. ನಾವು ಹೋಗಿದ್ದ ಶೋರೂಮಿನಲ್ಲಿ ತೆರಿಗೆಯ ಇಳಿಕೆಯನ್ನೂ ಹಬ್ಬದ ರಿಯಾಯಿತಿಯನ್ನೂ ಒಂದೇ ಮೊತ್ತವಾಗಿ ಹೇಳಿ, ವಿಜಯದಶಮಿಯೊಳಗೆ ಮಾತ್ರ ಎಂದರು. ತೆರಿಗೆಯ ಇಳಿಕೆ ಹಬ್ಬದೊಂದಿಗೆ ಮುಗಿಯುವುದಿಲ್ಲವೆಂದು ಹೊಳೆದ ಮೇಲೆ, ನಿಜವಾಗಿ ಕೈತಪ್ಪುವುದು ಸುಮಾರು 15,000 ಮಾತ್ರ ಎಂದು ಗೊತ್ತಾಯಿತು. ಆದ್ದರಿಂದ ಕಂಪನಿಯ ರಿಯಾಯಿತಿ ಎಷ್ಟು, ಡೀಲರನದು ಎಷ್ಟು, ಯಾವುದು ಯಾವ ದಿನ ಮುಗಿಯುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ. ಹಬ್ಬದ ದಿನ ಡೆಲಿವರಿಗಳ ನೂಕುನುಗ್ಗಲಿನಲ್ಲಿ ಕಾರನ್ನು ಸರಿಯಾಗಿ ಪರೀಕ್ಷಿಸಲು ಆಗುವುದಿಲ್ಲ. ಒಂದೆರಡು ದಿನ ಮೊದಲೇ, ಹಗಲು ಹೊತ್ತಿನಲ್ಲಿ ಚಾಸಿ ಸಂಖ್ಯೆ, ಬಣ್ಣ, ಟೈರುಗಳನ್ನು ನೋಡಿಕೊಳ್ಳಿ.

ಕೇಳಿದವರು

ಇಂದು ಫೋನ್ ಮಾಡಿದೆ. ಇನ್‌ವಾಯ್ಸ್ ಇನ್ನೂ ಆಗಿಲ್ಲವಂತೆ; ಒಪ್ಪಿಗೆಯಿಲ್ಲದೆ ಮಾಡಬೇಡಿ ಎಂದು ಇಮೇಲ್ ಕಳಿಸಿದ್ದೇನೆ. ಇನ್ನೊಂದು ಕಾರು ಹಬ್ಬದೊಳಗೆ ಬರುವುದಿಲ್ಲ, ಅಮ್ಮನಿಗೆ ಆಯುಧಪೂಜೆಯಂದೇ ಪೂಜೆಯಾಗಬೇಕೆಂಬ ಆಸೆ. ಅದಕ್ಕೆ ಎಷ್ಟು ಬೆಲೆ ಕೊಡಬೇಕೆಂದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.