ಮನಿಪ್ಲಾಂಟ್ ಎಲೆ ಹಸಿರಾಗೋದು, ಬಿಳಿ ಭಾಗ ಸುಡೋದು

"ಚಿಕ್ಕಮ್ಮಾ, ನಮ್ಮ ಮಾರ್ಬಲ್ ಕ್ವೀನ್ ಮನಿಪ್ಲಾಂಟ್‌ನಲ್ಲಿ ಹೊಸ ಎಲೆ ಎಲ್ಲಾ ಬರೀ ಹಸಿರಾಗಿ ಬರ್ತಿದೆ. ಹಳೇ ಎಲೆಗಳ ಬಿಳಿ ಜಾಗ ಅಂಚಲ್ಲಿ ಕಂದು ಆಗ್ತಿದೆ. ಏನಾದ್ರೂ ರೋಗನಾ? ಗೊಬ್ಬರ ಹಾಕ್ಲಾ, ಕತ್ತರಿಸ್ಲಾ?"

ನೋಡು ಪುಟ್ಟಿ, ನೀನು ಹಾಕಿರೋ ಮೂರು ಫೋಟೋನೂ ದೊಡ್ಡದು ಮಾಡಿ ನೋಡಿದೆ. ಇದು ಒಂದು ತೊಂದರೆ ಅಲ್ಲ, ಎರಡು. ಎರಡಕ್ಕೂ ಔಷಧಿ ಬೇರೆ ಬೇರೆ. ಗೊಬ್ಬರ ಮಾತ್ರ ಎರಡಕ್ಕೂ ಬೇಡ, ಆ ಡಬ್ಬ ಸದ್ಯಕ್ಕೆ ಮುಚ್ಚಿಡು.

ಮೊದಲು ಹಸಿರು ವಿಷಯ. ಎಲೆ ನೋಡ್ಬೇಡ, ಬಳ್ಳಿಯ ಕಾಂಡ ನೋಡು. ತುದಿ ಹಿಡ್ಕೊಂಡು ಒಂದೊಂದೇ ಗೆಣ್ಣು ಹಿಂದಕ್ಕೆ ಬಾ. ಮಾರ್ಬಲ್ ಕ್ವೀನ್‌ನಲ್ಲಿ ಕಾಂಡದ ಮೇಲೂ ಬಿಳಿ ಗೆರೆಗಳು ಓಡ್ತಾ ಇರ್ತವೆ, ಸುಣ್ಣದಲ್ಲಿ ಗೀಚಿದ ಹಾಗೆ. ಯಾಕೆ ಅಂದ್ರೆ, ಬೆಳೆಯೋ ತುದಿಯಲ್ಲಿ ಹಸಿರು ಮಾಡೋ ಜೀವಕೋಶ, ಮಾಡದೇ ಇರೋ ಜೀವಕೋಶ ಎರಡೂ ಅಕ್ಕಪಕ್ಕ ಕೂತಿರ್ತವೆ. ಊಟ ತಯಾರಾಗೋದು ಹಸಿರು ಇರೋ ಕಡೆ, ಬಿಳಿ ಭಾಗ ಅದರ ಮೇಲೆ ಬದುಕುತ್ತೆ. ಹಾಗಾಗಿ ಹಸಿರಿನ ಕೈ ಒಂದ್ಸಲ ಮೇಲಾಯ್ತು ಅಂದ್ರೆ ತುದಿಯಲ್ಲಿ ಬಿಳಿಗೆ ಜಾಗಾನೇ ಉಳಿಯಲ್ಲ. ಆಮೇಲೆ ಆ ತುದಿಯಿಂದ ಬರೋ ಎಲೆ ಎಲ್ಲಾ ಹಸಿರೇ.

ನಿನ್ನ ಎರಡನೇ ಫೋಟೋದಲ್ಲಿ ತುದಿಯಿಂದ ಎಣಿಸಿದ್ರೆ ನಾಲ್ಕು ಎಲೆ ಪೂರ್ತಿ ಹಸಿರು, ಆ ನಾಲ್ಕರ ಕಾಂಡವೂ ಹಸಿರು. ಐದನೇದರಲ್ಲಿ ಎಲೆ ಮೇಲೆ ಒಂದೆರಡು ಚುಕ್ಕೆ ಇದೆ, ಆದ್ರೆ ಕಾಂಡದ ಗೆರೆ ಎಲೆತೊಟ್ಟಿನ ಎದುರು ಬದಿಗೆ ಹೋಗಿದೆ. ಆರನೇದರಲ್ಲಿ ಗೆರೆ ಎಲೆತೊಟ್ಟಿನ ಕಂಕುಳನ್ನೇ ಹಾದು ಹೋಗುತ್ತೆ. ನಿನಗೆ ಬೇಕಾಗಿರೋದು ಆ ಆರನೇ ಗೆಣ್ಣು. ಹೊಸ ಕವಲು ಹುಟ್ಟೋ ಕಣ್ಣು ಇರೋದು ಆ ಕಂಕುಳಲ್ಲಿ. ಕಣ್ಣಿನ ಕೆಳಗೆ ಕಾಂಡದಲ್ಲಿ ಯಾವ ಬಣ್ಣ ಇದೆಯೋ ಅದನ್ನೇ ಕವಲು ಹೊತ್ಕೊಂಡು ಬರುತ್ತೆ. ಎಲೆ ಎಷ್ಟೇ ಚೆನ್ನಾಗಿದ್ರೂ ಕಣ್ಣಿನ ಕಡೆ ಗೆರೆ ಇಲ್ಲದಿದ್ರೆ ಮತ್ತೆ ಹಸಿರೇ ಬರೋ ಸಾಧ್ಯತೆ ಜಾಸ್ತಿ. ಎಲ್ಲರೂ ಎಡವೋದು ಇಲ್ಲೇ, ಚೆಂದದ ಎಲೆ ನೋಡಿ ಕತ್ತರಿಸಿಬಿಡ್ತಾರೆ.

ಕತ್ತರಿಯನ್ನ ಸ್ಪಿರಿಟ್‌ನಲ್ಲಿ ಒರೆಸಿ, ಆರನೇ ಗೆಣ್ಣಿನಿಂದ ತುದಿಯ ಕಡೆಗೆ ಅರ್ಧ ಇಂಚು ಬಿಟ್ಟು ಒಂದೇ ಏಟಿಗೆ ಕಡಿ. ರಸ ಕೈಗೆ ತಾಗಿದ್ರೆ ತುರಿಕೆ ಬರುತ್ತೆ, ಪಾಪುನ ದೂರ ಇಡು. ಬೆಚ್ಚಗಿನ ದಿನಗಳಲ್ಲಿ ಮೂರರಿಂದ ಆರು ವಾರದಲ್ಲಿ ಕಣ್ಣು ಒಡೆಯುತ್ತೆ, ಚಳಿಗಾಲದಲ್ಲಿ ಇನ್ನೂ ನಿಧಾನ. ಮೊದಲ ಎಲೆ ನೋಡಿ ತೀರ್ಮಾನ ಮಾಡ್ಬೇಡ, ಎರಡು ಮೂರು ಬರ್ಲಿ. ಆಗ್ಲೂ ಹಸಿರೇ ಅಂದ್ರೆ ಇನ್ನೊಂದು ಗೆಣ್ಣು ಹಿಂದಕ್ಕೆ ಹೋಗು. ಕಡಿದ ತುಂಡು ಬಿಸಾಡ್ಬೇಡ, ನೀರಲ್ಲಿ ಇಟ್ರೆ ಬೇರು ಬಿಡುತ್ತೆ, ಆದ್ರೆ ಅದು ಹಸಿರು ಬಳ್ಳಿಯಾಗೇ ಉಳಿಯುತ್ತೆ. ಹಾಗೇ ಯಾವುದಾದ್ರೂ ಕವಲು ಪೂರ್ತಿ ಬಿಳಿ ಬಂದ್ರೆ ಖುಷಿಪಟ್ಟು ಅದನ್ನ ಬೇರೆ ನೆಡೋಕೆ ಹೋಗ್ಬೇಡ. ಊಟ ಮಾಡ್ಕೊಳ್ಳೋಕೆ ಹಸಿರೇ ಇಲ್ಲ, ತಾಯಿಬಳ್ಳಿ ಬಿಟ್ರೆ ಸಾಯುತ್ತೆ.

ಮೇಲಿನ ಅತ್ತೆ ಮನೆಯ ಬಳ್ಳಿ ಬಗ್ಗೆನೂ ಕೇಳಿದ್ದೆ ಅಲ್ವಾ, ಅದು ಬೇರೆ ಕಥೆ. ಅದರಲ್ಲಿ ಎಲೆಯ ಬಿಳಿ ಕಮ್ಮಿ ಆಗಿದೆ, ಆದ್ರೆ ಕಾಂಡದ ಗೆರೆ ತುದಿವರೆಗೂ ಇದೆ. ಎಲೆ ಸಣ್ಣದಾಗಿ, ಗೆಣ್ಣಿನ ಮಧ್ಯೆ ಅಂತರ ಉದ್ದ ಆಗಿದೆ. ಅದು ಬೆಳಕು ಸಾಲದ್ದು, ಕತ್ತರಿ ಬೇಡ. ಪೂರ್ವದ ಕಿಟಕಿಯಿಂದ ಎರಡು ಮೂರು ಅಡಿ ಒಳಗೆ ಇಡೋಕೆ ಹೇಳು. ಮಧ್ಯಾಹ್ನ ಗಿಡದ ಮೇಲೆ ಕೈ ಚಾಚಿದ್ರೆ ಅಂಚು ಮಸುಕಾದ ನೆರಳು ಬೀಳ್ಬೇಕು. ನೆರಳೇ ಇಲ್ಲ ಅಂದ್ರೆ ಕತ್ತಲೆ, ಚೂಪಾದ ನೆರಳು ಬಿದ್ರೆ ಬಿಸಿಲು. ಮುಂದೆ ಬರೋ ಎಲೆಗಳಲ್ಲಿ ಬಿಳಿ ಹೆಚ್ಚಾಗುತ್ತೆ. ಆಗ್ಲೇ ಹಸಿರಾಗಿ ಬಲಿತ ಎಲೆ ಮಾತ್ರ ಹಾಗೇ ಇರುತ್ತೆ.

ಈಗ ಕಂದು. ಹುಟ್ಟಿನಿಂದ ಬಂದ ಬಿಳಿ ಬಣ್ಣ, ಎಲೆ ಬಿಚ್ಚೋವಾಗ್ಲೇ ಇರುತ್ತೆ. ಮುಟ್ಟಿದ್ರೆ ಹಸಿರಿನಷ್ಟೇ ನಯ, ಆಮೇಲೆ ಬೇರೆ ಕಡೆಗೆ ಹಬ್ಬಲ್ಲ. ಅನುಮಾನ ಬಂದ್ರೆ ಮಚ್ಚೆ ಸುತ್ತ ಪೆನ್ನಲ್ಲಿ ನಾಲ್ಕು ಚುಕ್ಕೆ ಇಟ್ಟು, ಹತ್ತು ದಿನ ಬಿಟ್ಟು ನೋಡು. ಚುಕ್ಕೆ ದಾಟಿ ಹೋಗಿದ್ರೆ ಅದು ವಿನ್ಯಾಸ ಅಲ್ಲ, ಏಟು. ನಿನ್ನದರಲ್ಲಿ ಕಂದು ಬಂದಿರೋದು ಬಿಳಿ ಜಾಗದಲ್ಲಿ ಮಾತ್ರ, ಅಂಚಿಂದ ಶುರುವಾಗಿದೆ, ಹಪ್ಪಳದ ಹಾಗೆ ಗರಿಗರಿ ಅಂತಿದ್ದೀಯ. ಅದು ರೋಗ ಅಲ್ಲ, ಒಣಗಿರೋದು. ನೀರಿನ ಏರುಪೇರಿಗೆ ಮೊದಲು ಬಲಿ ಆಗೋದೇ ಬಿಳಿ ಭಾಗ.

ಕುಂಡದ ಅಂಚಲ್ಲಿ ಬಿಳಿ ಪುಡಿ ಕಟ್ಟಿರೋದು ಕಾಣ್ತಿದೆ, ಅದು ನಿಮ್ಮ ಬೋರ್‌ವೆಲ್ ನೀರಿನ ಉಪ್ಪು. ಒಂದ್ಸಲ ಕುಂಡನ ಬಚ್ಚಲಲ್ಲಿಟ್ಟು, ಅದರ ಅಳತೆಯ ಮೂರು ಪಟ್ಟು ಆರ್‌ಓ ನೀರನ್ನೋ ಮಳೆನೀರನ್ನೋ ನಿಧಾನಕ್ಕೆ ಸುರಿದು ಪೂರ್ತಿ ಸೋರಿಸು. ಆಮೇಲೆ ಮೇಲಿನ ಒಂದು ಇಂಚು ಮಣ್ಣು ಒಣಗಿದಾಗ ಮಾತ್ರ ನೀರು ಹಾಕು, ತಟ್ಟೆಯಲ್ಲಿ ನಿಂತದ್ದು ಚೆಲ್ಲು. ಪಶ್ಚಿಮದ ಬಾಲ್ಕನಿಯಿಂದ ಒಳಗೆ ತಾ. ಕಂದಾದದ್ದು ವಾಪಸ್ ಬರಲ್ಲ, ನೋಡೋಕೆ ಬೇಜಾರಾದ್ರೆ ಕಂದಿನ ಒಂದು ಎಳೆ ಉಳಿಸಿ ಅಂಚು ಕತ್ತರಿಸು. ಒಂದು ವೇಳೆ ಒದ್ದೆ ಒದ್ದೆ ಕಪ್ಪು ಮಚ್ಚೆ, ಸುತ್ತ ಹಳದಿ ಉಂಗುರ ಕಂಡು, ಅದು ಹಸಿರು ಭಾಗಕ್ಕೂ ಹಬ್ಬಿದ್ರೆ ಆಗ ಕೊಳೆರೋಗ. ಆ ಎಲೆ ಬುಡಕ್ಕೇ ತೆಗೆದು, ಎಲೆ ಮೇಲೆ ನೀರು ಚಿಮುಕಿಸೋದು ನಿಲ್ಲಿಸು.

ಬಿಳಿ ಅಂತ ಮೋಸ ಮಾಡೋದು ಇನ್ನೊಂದಿದೆ, ಥ್ರಿಪ್ಸ್. ಬೆಳ್ಳಿ ಹಚ್ಚಿದ ಹಾಗೆ ಹೊಳೆಯೋ ಗೀರು, ಅದರ ಮೇಲೆ ಕರಿ ಎಳ್ಳಿಗಿಂತ ಸಣ್ಣ ಕಪ್ಪು ಚುಕ್ಕೆ. ಎಲೆ ಕೆಳಗೆ ಬಿಳಿ ಹಾಳೆ ಹಿಡಿದು ತಟ್ಟು. ಮಿಲಿಮೀಟರ್ ಉದ್ದದ ಸಣ್ಣ ಕಡ್ಡಿಯಂಥ ಹುಳ ಓಡಾಡಿದ್ರೆ ಅದೇ. ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, 2 ಎಂಎಲ್ ಪಾತ್ರೆ ತೊಳೆಯೋ ಸೋಪಿನ ದ್ರವ ಕಲಸಿ, ಸಂಜೆ ಎಲೆಯ ಕೆಳಭಾಗಕ್ಕೆ ಹೊಡಿ. ಐದಾರು ದಿನಕ್ಕೊಮ್ಮೆ, ನಾಲ್ಕು ಸಲ. ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ಕಾಯಿ, ಬಿಳಿ ಭಾಗ ಸುಟ್ಟುಹೋಗೋದೂ ಉಂಟು.

ಹಾಂ, ನಿನ್ನ ಗೆಳತಿ ಮಾನ್ಸ್ಟೆರಾ ತಗೋತಾಳಂತಲ್ಲ. ಬಿಳಿ ಮಚ್ಚೆಯ ಆಲ್ಬೋ ತಳಿ ಆದ್ರೆ ಇದೇ ಕಾಂಡದ ಲೆಕ್ಕ, ಗೆಣ್ಣಲ್ಲಿ ಬಿಳಿ ಗೆರೆ ಕಾಣದ ತುಂಡಿಗೆ ದುಡ್ಡು ಕೊಡೋದು ಬೇಡ ಅನ್ನು. ಥಾಯ್ ಕಾನ್ಸ್ಟೆಲೇಷನ್ ಅನ್ನೋ ತಳಿ ಲ್ಯಾಬ್‌ನಲ್ಲಿ ಬೆಳೆಸಿದ್ದು, ಕೆನೆ ಬಣ್ಣದ ಚುಕ್ಕೆಗಳು, ಅದು ಹಸಿರಿಗೆ ತಿರುಗೋದು ಅಪರೂಪ. ನಾಳೆ ಬೆಳಕಲ್ಲಿ ಆರನೇ ಗೆಣ್ಣಿನ ಫೋಟೋ ಹತ್ತಿರದಿಂದ ತೆಗೆದು ಹಾಕು, ನೋಡಿ ಹೇಳ್ತೀನಿ, ಆಮೇಲೆ ಕತ್ತರಿ ಎತ್ತು.