ಅಪ್‌ಡೇಟ್: ‘ಜೀವಕ್ರಿಯೆಗಳು’ ಕೊನೆಗೂ ಒಂದೇ ಹಾಳೆಗೆ ಹಿಡಿಯಿತು

ನಾನು ಕೇಳಿದ್ದು: “ಹತ್ತನೇ ತರಗತಿಯ ಜೀವಕ್ರಿಯೆಗಳು ಪಾಠವನ್ನ ಒಂದು ಎ4 ಹಾಳೆಗೆ ಇಳಿಸೋದು ಹೇಗೆ? ಬಣ್ಣ ಹಾಕಿದಷ್ಟೂ ಗಜಿಬಿಜಿ ಆಗ್ತಿದೆ.”

ಕೆಲಸಕ್ಕೆ ಬಂದದ್ದು, ಬಣ್ಣವನ್ನು ಉಪವಿಷಯಕ್ಕೆ ಕೊಡಬೇಡಿ, ಮಾಹಿತಿಯ ಬಗೆಗೆ ಕೊಡಿ ಅಂದವರ ಸಲಹೆ. ಕ್ರಿಯೆ ನಡೆಯುವ ಜಾಗ ನೀಲಿ, ಷರತ್ತು ಕೆಂಪು, ಉತ್ಪನ್ನ ಹಸಿರು, ಉಳಿದದ್ದೆಲ್ಲ ಪೆನ್ಸಿಲ್. ಹಾಳೆಯನ್ನು ಅಡ್ಡಲಾಗಿ ಇಟ್ಟು ಪೋಷಣೆ, ಉಸಿರಾಟ, ಸಾಗಾಣಿಕೆ, ವಿಸರ್ಜನೆ ಅಂತ ನಾಲ್ಕು ಕಂಬ ಮಾಡಿದೆ.

ಉಸಿರಾಟದ ಕಂಬ ನೋಡಿ. ಮೇಲೆ ಗ್ಲೂಕೋಸ್, ಅದರ ಕೆಳಗೆ ಪೈರುವೇಟ್, ನಡುವಿನ ಬಾಣದ ಮೇಲೆ ನೀಲಿಯಲ್ಲಿ ‘ಕೋಶದ್ರವ್ಯ’. ಅಲ್ಲಿಂದ ಮೂರು ಕವಲು. ಯೀಸ್ಟ್‌ನಲ್ಲಿ ಆಮ್ಲಜನಕ ಇಲ್ಲದಿದ್ದರೆ ಎಥನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್; ಸ್ನಾಯುವಿನಲ್ಲಿ ಆಮ್ಲಜನಕ ಸಾಲದಿದ್ದರೆ ಲ್ಯಾಕ್ಟಿಕ್ ಆಮ್ಲ; ಮೈಟೊಕಾಂಡ್ರಿಯದಲ್ಲಿ ಆಮ್ಲಜನಕ ಇದ್ದರೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರು. ಶಕ್ತಿ ಮೂರರಲ್ಲೂ ಬಿಡುಗಡೆಯಾಗುತ್ತೆ, ಮೂರನೆಯದರಲ್ಲಿ ಬಹಳ ಹೆಚ್ಚು. ಕೆಂಪು ಪದಗಳನ್ನಷ್ಟೇ ಓದಿದರೆ ಕವಲು ಯಾಕೆ ಒಡೆಯಿತು ಅಂತ ತಿಳಿದುಬಿಡುತ್ತೆ.

ಮೈಂಡ್ ಮ್ಯಾಪ್ ಸಲಹೆ ಈ ಪಾಠಕ್ಕೆ ಹೊಂದಲಿಲ್ಲ. ಇಲ್ಲಿರುವುದು ಹಂತಗಳ ಸರಣಿ; ನಡುವಿನಿಂದ ಸುತ್ತ ಹರಡಿದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದೇ ಕಳೆದುಹೋಗುತ್ತೆ. ಹೃದಯದ ಚಿತ್ರ ತುರುಕುವುದೂ ಬೇಡ, ಕಾಲು ಹಾಳೆ ನುಂಗುತ್ತೆ. ರಕ್ತ ಹರಿಯುವ ದಾರಿಯನ್ನು ಬಾಣಗಳಲ್ಲಿ ಬರೆದರೆ ಸಾಕು.

ಅಂದುಕೊಂಡಿರದ ಲಾಭ ಇನ್ನೊಂದಿತ್ತು: ಪದಗಳನ್ನು ಬಿಟ್ಟು ಬರೀ ಚೌಕ, ಬಾಣಗಳ ಜೆರಾಕ್ಸ್ ಇಟ್ಟುಕೊಂಡರೆ ಪುಸ್ತಕ ಮುಚ್ಚಿ ತುಂಬಿಸಬಹುದು. ಖಾಲಿ ಉಳಿದ ಚೌಕವೇ ಮತ್ತೆ ಓದಬೇಕಾದ ಭಾಗ. ಗೆರೆಗಳನ್ನು ಮಾತ್ರ ಕಪ್ಪು ಪೆನ್ನಲ್ಲೇ ಎಳೆಯಿರಿ, ತೆಳು ಪೆನ್ಸಿಲ್ ಗೆರೆ ಜೆರಾಕ್ಸಲ್ಲಿ ಸರಿಯಾಗಿ ಬರಲ್ಲ.